ಲೆಕ್ಕಕ್ಕಿಂತ ಒಂದು ಕುರಿ ಹೆಚ್ಚು

ಫಾರ್ಮಿನ ಆಡಿಟ್ ನಡೆಯುತ್ತಿತ್ತು. ಒಂದೇ ಕುರಿಯನ್ನು ಎರಡು ಸಲ ಎಣಿಸಬಾರದೆಂದು ಮ್ಯಾನೇಜರ್ ಗೇಟು ದಾಟಿದ ಪ್ರತಿ ಬೆನ್ನಿಗೂ ನೀಲಿ ಬಣ್ಣ ಬಳಿದು ಎಣಿಸುತ್ತಿದ್ದ. ನಡುವೆ ಆಡಿಟರ್ ಸಾಹೇಬರು ಬಿದ್ದ ಪೆನ್ನು ಹುಡುಕುತ್ತಾ ಬಗ್ಗಿಕೊಂಡೇ ಗೇಟು ದಾಟಿದರು.

ಕೊನೆಗೆ ಪುಸ್ತಕದಲ್ಲಿದ್ದುದಕ್ಕಿಂತ ಒಂದು ಕುರಿ ಹೆಚ್ಚು ಬಂತು.

“ಇನ್ನೊಂದ್ಸಲ ಎಣಿಸೋಣ ಸಾರ್,” ಎಂದ ಮ್ಯಾನೇಜರ್.

“ನನ್ನ ಕಣ್ಣೆದುರೇ ಎಣಿಸಿದ್ದೀರಿ. ಇಲ್ಲದ ಕುರಿ ಎಲ್ಲಿಂದ ಬರುತ್ತೆ?” ಎಂದು ಗದರಿದ ಆಡಿಟರ್, ಮಾರುಕಟ್ಟೆ ಬೆಲೆಯಿಂದ ಮಾರಾಟದ ಖರ್ಚು ಕಳೆದು ಆ ಹೆಚ್ಚಿನ ಕುರಿಗೂ ಮೌಲ್ಯ ಕಟ್ಟಿಸಿದರು.

ಮನೆಯಲ್ಲಿ ಅವರ ಅಂಗಿಯ ಬೆನ್ನು ನೋಡಿದ ಹೆಂಡತಿ ಬಣ್ಣದ ವಿಷಯ ಕೇಳಿದರು. ಆಡಿಟರ್ ಪೆಚ್ಚಾಗಿ ಎಲ್ಲ ಹೇಳಿದರು.

“ಎಷ್ಟು ಬೆಲೆ ಕಟ್ಟಿದ್ರು ನಿಮಗೆ?”

ಆಡಿಟರ್ ಮೊತ್ತ ಹೇಳಿದರು.

“ಜಾಸ್ತಿ ಆಯ್ತು,” ಎಂದರು ಹೆಂಡತಿ. “ನಾಳೆ ಹೋಗಿ ಇಳಿಸ್ಕೊಂಡು ಬನ್ನಿ.”