ಹೊಂಗೆ ಮರದಲ್ಲಿ ಆಡು

ಕಂಪ್ಲಿಯ ಅನ್ನಪೂರ್ಣಕ್ಕನ ನರ್ಸರಿಯಲ್ಲಿ ಆರುನೂರು ಹೊಂಗೆ ಸಸಿಗಳು ಎರಡು ವರ್ಷದಿಂದ ಕಪ್ಪು ಚೀಲದಲ್ಲೇ ನಿಂತಿದ್ದವು. ಬೇರು ಚೀಲದ ತಳದಲ್ಲಿ ಸುತ್ತು ಹಾಕತೊಡಗಿತ್ತು. ಈ ಮಳೆಗಾಲದಲ್ಲಿ ನೆಲಕ್ಕೆ ಇಳಿಯದಿದ್ದರೆ ಮುಂದೆ ನೆಟ್ಟರೂ ಮರವಾಗುವುದಿಲ್ಲ ಎಂದು ಅಕ್ಕ ಒಂದು ಚೀಲ ಹರಿದು ನನಗೆ ತೋರಿಸಿದ್ದಳು. ಬೇರು ಕೂದಲು ಗಂಟು ಕಟ್ಟಿದ ಹಾಗೆ ಇತ್ತು. ಅವಳು ಅಳಲಿಲ್ಲ. ಬೇರನ್ನು ಬೆರಳಿನಿಂದ ಬಿಡಿಸುತ್ತಾ ಸುಮ್ಮನೆ ಕೂತಳು. ನನಗೂ ಹಾಗೆ ಕೂರುವುದು ಗೊತ್ತು, ಹಾಗಾಗಿ ನಾನೂ ಕೂತೆ.

ಸಂಡೂರಿನ ಗುಡ್ಡದ ಕೆಳಗೆ ಒಂದು ಗಣಿ ಕಾಲೊನಿ ಇದೆ. ಅದರ ರಸ್ತೆಯ ಎರಡೂ ಬದಿ ಗಿಡ ನೆಡಿಸಬೇಕೆಂದು ಅಲ್ಲಿನ ನಿವಾಸಿಗಳ ಸಮಿತಿ ತೀರ್ಮಾನಿಸಿತ್ತು. ಗಿಡ ಬೆಳೆದ ಮೇಲೆ ರಸ್ತೆ ಹೇಗೆ ಕಾಣುತ್ತದೆ ಎಂಬ ಚಿತ್ರ ತನ್ನಿ, ನೋಡಿ ಹೇಳುತ್ತೇವೆ ಎಂದಿದ್ದರು. ಆಗಲೇ ಮೂರು ನರ್ಸರಿಯವರು ತೋರಿಸಿ ಹೋಗಿದ್ದರು. ಅಕ್ಕನ ಸರದಿ ಭಾನುವಾರ.

ಹೊಸಪೇಟೆಯಲ್ಲಿ ರಾಮಾಂಜಿನಿಯ ಫ್ಲೆಕ್ಸ್ ಅಂಗಡಿ ಇದೆ. ಚಿತ್ರಕಲೆಯಲ್ಲಿ ಪದವಿ ಮುಗಿಸಿದ ನಾನು ಅಲ್ಲಿ ವಿನ್ಯಾಸದ ಕೆಲಸ ಮಾಡುತ್ತೇನೆ. ಅವನು ಇಬ್ಬರ ಪಾಲಿನ ಮಾತನ್ನೂ ಆಡುತ್ತಾನಾದ್ದರಿಂದ ನಮಗೆ ಹೊಂದುತ್ತದೆ. ಕಾಲೊನಿಯ ರಸ್ತೆಯ ಫೋಟೋ ತೆಗೆದುಕೊಂಡು ಬಂದು, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕ್ರಿಟಾ ಎಂಬ ತಂತ್ರಾಂಶದಲ್ಲಿ ತೆರೆದೆ. ಕೆಂಪು ಧೂಳು, ಬಿಳಿ ಗೋಡೆ, ನೀರಿನ ಟ್ಯಾಂಕು, ಖಾಲಿ ಆಕಾಶ. ಮರ ಅದರ ಮೇಲೆ ನಾನೇ ಬರೆಯಬೇಕು.

ಕ್ರಿಟಾದ ಜೊತೆ ಬರುವ ಎಲೆ ಬ್ರಷ್‌ಗಳಲ್ಲಿ ಹೊಂಗೆ ಇರಲಿಲ್ಲ. ಆದ್ದರಿಂದ ನಾವು ಕಂಪ್ಲಿಗೆ ಹೋಗಿ, ಬಿಳಿ ಹಾಳೆಯ ಮೇಲೆ ಹೊಂಗೆಯ ಎಲೆಗಳನ್ನಿಟ್ಟು ಫೋಟೋ ತೆಗೆದೆವು. ಅಕ್ಕನ ಕರಿ ಆಡು ಎರಡು ಸಲ ಹಾಳೆಯ ಮೇಲೆ ಬಂದು ನಿಂತಿತು. ರಾಮಾಂಜಿನಿ ಅದರದ್ದೂ ಫೋಟೋ ತೆಗೆದ.

ಆರು ಎಲೆಗಳನ್ನು ಕಪ್ಪು ಬಿಳುಪು ಮಾಡಿ, ಒಂದರ ಮೇಲೊಂದು ಆರು ಪದರಗಳಲ್ಲಿ ಇಟ್ಟೆ. ಬ್ರಷ್ ಮಾಡುವ ಕಿಟಕಿಯಲ್ಲಿ ಆನಿಮೇಟೆಡ್ ಎಂದು ಆರಿಸಿದರೆ ಪ್ರತಿ ಪದರವೂ ಬ್ರಷ್‌ನ ಒಂದೊಂದು ತುದಿಯಾಗುತ್ತದೆ. ರ‍್ಯಾಂಡಮ್ ಎಂದರೆ, ಗೆರೆ ಎಳೆದ ಹಾಗೆಲ್ಲ ಯಾವುದೋ ಒಂದು ಎಲೆ ಬೀಳುತ್ತದೆ. ಎಲೆಗಳು ಚದುರುವಂತೆ, ತಮಗೆ ಬಂದ ದಿಕ್ಕಿಗೆ ತಿರುಗುವಂತೆ ಮಾಡಿದೆ. ಕಪ್ಪು ಇದ್ದಲ್ಲೆಲ್ಲ ನಾನು ಆರಿಸಿದ ಹಸಿರು ಬರುತ್ತದೆ.

ಮೊದಲು ಕಾಂಡ. ಅದರ ಹಿಂದೆ ಒಂದು ಪದರದಲ್ಲಿ ಮಂಕು ಹಸಿರು, ಮುಂದಿನ ಪದರದಲ್ಲಿ ಬಿಸಿಲು ಬಿದ್ದ ಹಸಿರು. ಎರಡಕ್ಕೂ ಫೋಟೋದಿಂದಲೇ ಸ್ವಲ್ಪ ಕೆಂಪು ಬೆರೆಸಿದೆ, ಯಾಕೆಂದರೆ ಆ ಕಾಲೊನಿಯಲ್ಲಿ ಶುದ್ಧ ಹಸಿರು ಸುಳ್ಳು. ಗೋಡೆಯ ನೆರಳು ಎಡಕ್ಕೆ ಬಿದ್ದಿತ್ತು, ಮರದ ನೆರಳನ್ನೂ, ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಪದರದಲ್ಲಿ, ಎಡಕ್ಕೇ ಹಾಕಿದೆ. ಇಡೀ ಚಿತ್ರ ಪರದೆಯಲ್ಲಿ ಕಾಣುವಂತೆ ದೂರದಿಂದಲೇ ಬರೆದೆ. ಕೈ ತಾನೇ ಓಡುತ್ತಿತ್ತು. ಒಂದು ಎಳೆತಕ್ಕೆ ಒಂದು ಕೊಂಬೆ. ಎಷ್ಟೋ ತಿಂಗಳಿಂದ ಯಾವುದರಲ್ಲೂ ಇಲ್ಲದ ಸುಖ. ರಾಮಾಂಜಿನಿ ಹಿಂದೆ ನಿಂತು, ಫೋಟೋ ಯಾವುದು ಬರೆದದ್ದು ಯಾವುದು ಗೊತ್ತಾಗುವುದಿಲ್ಲ ಎಂದ. ಹತ್ತಡಿ ಅಗಲಕ್ಕೆ ಪ್ರಿಂಟ್ ತೆಗೆದೆವು.

ಭಾನುವಾರ ಬೆಳಿಗ್ಗೆ ಕಾಲೊನಿಯ ಸಮುದಾಯ ಭವನದ ಗೋಡೆಗೆ ಫ್ಲೆಕ್ಸ್ ಕಟ್ಟಿದೆವು. ಮೂವತ್ತು ಜನ ಸೇರಿದ್ದರು. ಎಲ್ಲರ ಕಣ್ಣೂ ಚಿತ್ರದ ಮೇಲಿತ್ತು. ತಮ್ಮದೇ ರಸ್ತೆಯ ನೆರಳಿನಲ್ಲಿ ಅವರು ಆಗಲೇ ನಡೆಯುತ್ತಿದ್ದಾರೆ ಅನಿಸಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಸಮಿತಿಯ ಅಧ್ಯಕ್ಷ ಮೂಕಣ್ಣ, ಗಣಿಯಲ್ಲಿ ಡಂಪರ್ ಓಡಿಸಿ ನಿವೃತ್ತರಾದವರು. ಕನ್ನಡಕ ಹಾಕಿಕೊಂಡು ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು. ಒಂದು ಕೊಂಬೆಯ ತುದಿಯಲ್ಲಿ, ಆಕಾಶದ ಎದುರು, ಹೆಬ್ಬೆರಳಿಟ್ಟರು.

"ಅವ್ವಾ, ಇದು ಎಲಿ ಅಲ್ಲ," ಎಂದರು. "ಇದು ಆಡು."

ನಾನು ಹತ್ತಿರ ಹೋದೆ. ಹೆಬ್ಬೆರಳಿನಷ್ಟೇ ದೊಡ್ಡದು, ಹಸಿರು ಆಡು. ನಾಲ್ಕು ಕಾಲು, ಗಡ್ಡ, ಎದ್ದ ಬಾಲ. ಅದರ ಪಕ್ಕ ತಲೆಕೆಳಗಾದ ಇನ್ನೊಂದು. ಆಮೇಲೆ ಕಣ್ಣು ಎಲ್ಲಿಗೆ ಹೋದರೂ ಆಡು. ಮಲಗಿದ ಆಡು, ಹಾರಿದ ಆಡು, ನೆರಳಿನಲ್ಲಿ ಮಂಕು ಆಡು, ಬಿಸಿಲಿನಲ್ಲಿ ಹೊಳೆಯುವ ಆಡು.

ರಾಮಾಂಜಿನಿ ಗೋಡೆಯ ಕಡೆ ಮುಖ ಮಾಡಿದ. ನನ್ನನ್ನು ನಗಿಸಲು ಎಲೆಗಳ ಕಡತದಲ್ಲಿ ಅಕ್ಕನ ಆಡಿನ ಚಿತ್ರವನ್ನೂ ಒಂದು ಪದರವಾಗಿ ಸೇರಿಸಿದ್ದನಂತೆ. ಹೇಳುವುದು ಮರೆತಿದ್ದ. ಅದು ಎಲ್ಲಕ್ಕಿಂತ ಕೆಳಗಿತ್ತು, ಮೇಲಿನ ಪದರಗಳ ಬಿಳಿ ಅದನ್ನು ಪೂರ್ತಿ ಮುಚ್ಚಿತ್ತು. ಆ ಪದರ ಕಣ್ಣಿಗೆ ಮರೆಯಾಗಿತ್ತೇ ಹೊರತು ಅದನ್ನು ಯಾರೂ ತೆಗೆದಿರಲಿಲ್ಲ, ಹಾಗಾಗಿ ಬ್ರಷ್ ಅದನ್ನೂ ಒಂದು ತುದಿ ಎಂದೇ ತೆಗೆದುಕೊಂಡಿತ್ತು. ಪದರಗಳ ಪಟ್ಟಿಯನ್ನು ನಾನೂ ನೋಡಿರಲಿಲ್ಲ. ಹೀಗೆ ಕರಿ ಆಡು ಏಳನೆಯ ಎಲೆಯಾಗಿ, ನನ್ನ ಹಸಿರನ್ನೇ ಉಟ್ಟು, ಮರದ ತುಂಬ ಚದುರಿತ್ತು.

ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ ಹೆಂಗಸು ತನಗೆ ನಾಲ್ಕು ಸಿಕ್ಕವು ಎಂದಳು. ಇನ್ನೊಬ್ಬಳು ಒಂಬತ್ತು ಎಂದಳು. ಎರಡು ನಿಮಿಷದಲ್ಲಿ ಮೂವತ್ತು ಜನವೂ ಫ್ಲೆಕ್ಸಿಗೆ ಅಂಟಿಕೊಂಡಿದ್ದರು. ಯಾರದೋ ಆಡನ್ನು ಇನ್ಯಾರೋ ಎಲೆ ಎಂದರು, ಜಗಳವಾಯಿತು, ತೀರ್ಪಿಗೆ ಮೂಕಣ್ಣನವರನ್ನು ಎಳೆದುಕೊಂಡು ಹೋದರು. ಯಾರೋ ನಕ್ಕು ನಕ್ಕು ನೆಲದ ಮೇಲೆ ಕುಳಿತರು. ಆ ನಗು ನನ್ನೊಳಗೂ ಬಂತು. ನಾನು ಅಷ್ಟು ಜೋರಾಗಿ ನಗಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಅಕ್ಕ ಮಾತ್ರ ನಗಲಿಲ್ಲ. ಆರುನೂರು ಚೀಲ ಅವಳ ಮುಖದಲ್ಲಿತ್ತು.

ಮೂಕಣ್ಣನವರು ಕಣ್ಣೊರೆಸಿಕೊಂಡು ಅವಳ ಎದುರು ಕುರ್ಚಿ ಎಳೆದುಕೊಂಡರು. "ನೋಡ್ರಿ, ಮೂರು ಮಂದಿ ಬಂದ್ರು. ಎಲ್ಲಾರೂ ಹಸ್ರು ತೋರ್ಸಿದ್ರು. ಇಲ್ಲಿ ಆಡು ಅದಾವು ಅಂತ ಒಬ್ರೂ ಬಾಯಿ ಬಿಡ್ಲಿಲ್ಲ. ಹೋದ ವರ್ಷ ಹಚ್ಚಿದ ಗಿಡ ಆಡು ತಿಂದು ಒಂದು ತಿಂಗಳಿಗೆ ಬರೇ ಕಡ್ಡಿ ಉಳೀತು. ನಿಮ್ಮ ಚಿತ್ರದಾಗ ಆಡು ಮರ ಹತ್ತೇ ಬಿಟ್ಟೈತಿ. ಇದಕ್ಕೇನ್ ಮಾಡ್ತೀರಿ ಹೇಳ್ರಿ."

"ಹೊಂಗಿ ಎಲಿ ಆಡು ತಿನ್ನಂಗಿಲ್ರಿ," ಎಂದಳು ಅಕ್ಕ. "ನನ್ನ ಆಡು ಎರಡು ವರ್ಷ ಆ ಚೀಲದ ನಡುವೆನ ತಿರ್ಗೈತಿ. ಬಾಯಿ ಹಾಕಿಲ್ಲ."

"ನಿಮ್ಮ ಆಡು ಮರ್ಯಾದಸ್ತ ಇರ್ಬೋದು," ಎಂದಳು ಹಿಂದೆ ನಿಂತಿದ್ದ ಗಾಳೆಮ್ಮ. ಕಾಲೊನಿಯಲ್ಲಿ ಹೆಚ್ಚು ಆಡುಗಳಿರುವುದು ಅವಳ ಮನೆಯಲ್ಲಿ. "ನಮ್ಮವು ಗೋಡಿಗೆ ಹಚ್ಚಿದ ಪೋಸ್ಟರ್ ತಿಂತಾವು."

"ಹಂಗಾದ್ರ ಹಿಡ್ಕಂಬಾ," ಎಂದರು ಮೂಕಣ್ಣ.

ಗಾಳೆಮ್ಮ ಕಂದು ಬಣ್ಣದ ಹೋತವೊಂದನ್ನು ಕಿವಿ ಹಿಡಿದು ತಂದಳು. ತೋರಿಸಲೆಂದು ಅಕ್ಕ ತಂದಿದ್ದ ಒಂದು ಸಸಿಯನ್ನು ಅಂಗಳದ ನಡುವೆ ಇಟ್ಟರು. ಜನ ಸುತ್ತ ನಿಂತರು. ಹೋತ ಮೊದಲು ಮೂಕಣ್ಣನವರ ಪಂಚೆಯ ಅಂಚನ್ನು ಎಳೆಯಿತು. ಆಮೇಲೆ ಸಸಿಯ ಹತ್ತಿರ ಹೋಗಿ ಮೂಸಿತು. ಒಂದು ಎಲೆಯನ್ನು ಬಾಯಿಗೆ ಹಾಕಿಕೊಂಡಿತು. ಎರಡು ಸಲ ಅಗಿಯಿತು, ನಿಲ್ಲಿಸಿತು, ತುಟಿ ಮೇಲೆತ್ತಿ ನಮ್ಮನ್ನೆಲ್ಲ ನೋಡಿತು.

ಅದು ಎಲೆಯನ್ನು ನಾಲಿಗೆಯಿಂದ ಹೊರಗೆ ತಳ್ಳಿ, ತಲೆ ಕೊಡವಿ, ಗಾಳೆಮ್ಮನ ಸೆರಗು ಹುಡುಕಿಕೊಂಡು ಹೋಯಿತು.

ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಓಡಿಹೋಗಿ ಕೈ ಸರಿಸಿ ನೋಡಿದರೆ, ನಗು ತಡೆಯಲಾರದೆ ಕೆಂಪಾಗಿದ್ದಳು.

ಫ್ಲೆಕ್ಸನ್ನು ಸರಿಮಾಡಿ ಮತ್ತೆ ತಂದುಕೊಡುತ್ತೇನೆ ಎಂದೆ. ಮೂಕಣ್ಣನವರು ಬ್ಯಾಡ ಎಂದರು, ಎಣಿಕೆ ಇನ್ನೂ ಮುಗಿದಿಲ್ಲವಂತೆ. ಆಮೇಲೆ ಅಕ್ಕನ ಕಡೆ ತಿರುಗಿ, ಗುಂಡಿ ಎಷ್ಟು ಆಳ ತೋಡಿಸಬೇಕು ಎಂದು ಕೇಳಿದರು.

"ಒಂದೂವರೆ ಅಡಿ," ಎಂದಳು ಅಕ್ಕ. "ನಾಳೆ ಹೊತ್ತು ಹುಟ್ಟೂದ್ರಾಗ ಲಾರಿ ತರ್ತೀನ್ರಿ."