ಗಡಿ ದಾಟಿ ಬಂದ ತಪ್ಪುಗಳು

ಫಲಿತಾಂಶದ ಪಟ್ಟಿಯಲ್ಲಿ ಲಾರಿಸಾಳ ಹೆಸರೊಂದೇ ಇರಲಿಲ್ಲ. ಪೋಲೆಂಡಿನ ಲುಬ್ಲಿನ್‌ನಲ್ಲಿ ನಡೆದ ಈ ಪೋಲಿಷ್ ಭಾಷಾ ಪರೀಕ್ಷೆ ಪಾಸಾಗದಿದ್ದರೆ ಆಸ್ಪತ್ರೆಯ ನರ್ಸ್ ಕೆಲಸ ಕೈತಪ್ಪುತ್ತದೆ, ಮತ್ತೆ ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವುದೇ ಗತಿ. ಟೀಚರ್ ಗ್ರಾಜಿನಾ ಅವಳನ್ನು ಒಳಗೆ ಕರೆದರು.

ಅರವತ್ತರ ಹತ್ತಿರದ ಗ್ರಾಜಿನಾ ಸುತ್ತಿಬಳಸಿ ಮಾತಾಡುವವರಲ್ಲ. ಪರೀಕ್ಷೆಯ ಪ್ರಬಂಧ ಬೇರೆ ಯಾರೋ ಬರೆದುಕೊಟ್ಟದ್ದು ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟರು. ಹೋದ ಸಲ ಒಬ್ಬಳು ತನ್ನ ಬದಲು ಅಕ್ಕನನ್ನು ಕೂರಿಸಿ ಸಿಕ್ಕಿಬಿದ್ದಿದ್ದಳಂತೆ.

"ಮನೆಮಾತು ಉಕ್ರೇನಿಯನ್ ಅಂದಿದ್ರಿ. ನಿಮ್ಮವರು ಬೇಕಾದಷ್ಟು ತಪ್ಪು ಮಾಡ್ತಾರೆ. ಆದ್ರೆ ಈ ತಪ್ಪು ಮಾಡಲ್ಲ."

ಪ್ರಬಂಧದಲ್ಲಿ ವಾರ ಎನ್ನಬೇಕಾದಲ್ಲೆಲ್ಲ 'ನೆಜೇಲಾ' ಎಂದಿತ್ತು. ಪೋಲಿಷ್‌ನಲ್ಲಿ ಅದು ಭಾನುವಾರ, ಉಕ್ರೇನಿಯನ್‌ನಲ್ಲೂ ಹೆಚ್ಚುಕಡಿಮೆ ಅದೇ ಪದ, ಅದೇ ಅರ್ಥ. ರಷ್ಯನ್‌ನಲ್ಲಿ ಮಾತ್ರ ಆ ಪದ ವಾರವಾಗುತ್ತದೆ. ಗಂಟೆಗೆ 'ಚಾಸ್' ಎಂದಿತ್ತು. ಅದೂ ಅಷ್ಟೇ, ಪೋಲಿಷರಿಗೂ ಉಕ್ರೇನಿಯನ್ನರಿಗೂ ಕಾಲ, ರಷ್ಯನ್ನರಿಗೆ ಗಂಟೆ.

ಮನೆಮಾತು ರಷ್ಯನ್ ಎಂದು ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಉಕ್ರೇನಿನ ಮಿಕೊಲಾಯಿವ್‌ನಲ್ಲಿದ್ದ ಅವಳ ಮನೆಯನ್ನು ಯುದ್ಧದಲ್ಲಿ ಕೆಡವಿದವರ ಭಾಷೆ ಅದು. ಗಡಿ ದಾಟಿದ ಮೇಲೆ ಅವಳು ಅದನ್ನು ಬಾಯಿಗೆ ತಂದಿರಲಿಲ್ಲ. ತರಗತಿಯವರಿಗೆ ಗೊತ್ತಾದರೆ ಮುಖ ತೋರಿಸುವುದು ಹೇಗೆ? ನಾನೇ ಬರೆದದ್ದು ಎಂದಷ್ಟೇ ಹೇಳಿದಳು.

ಹಾಗಾದರೆ ಇಲ್ಲೇ ಬರೆಯಿರಿ ಎಂದರು ಗ್ರಾಜಿನಾ. ಲಾರಿಸಾ ಅಳೆದು ತೂಗಿ ಬರೆದಳು. ಒಂದು ತಪ್ಪೂ ಆಗಲಿಲ್ಲ. ಅದನ್ನು ಓದುತ್ತ ಓದುತ್ತ ಟೀಚರ್ ಮುಖ ಇನ್ನಷ್ಟು ಬಿಗಿಯಾಯಿತು. ಆ ತಪ್ಪುಗಳು ಇದರಲ್ಲಿ ಇಲ್ಲದ್ದರಿಂದಲೇ ಪ್ರಬಂಧ ಬೇರೆಯವರದ್ದೆಂಬ ಅನುಮಾನ ಗಟ್ಟಿಯಾಯಿತು, ಸರಿಯಾಗಿ ಬರೆದೇ ಸಿಕ್ಕಿಬಿದ್ದೆ ಎಂದು ಅವಳಿಗೆ ಹೊಳೆದದ್ದು ಆಮೇಲೆ.

ಕೊನೆಯದಾಗಿ, ಊರು ಬಿಟ್ಟದ್ದನ್ನು ಬಾಯಲ್ಲೇ ಹೇಳಿ ಎಂದರು. ನೆಲಮಾಳಿಗೆಯ ಕತ್ತಲು, ಕೆಮ್ಮುತ್ತಿದ್ದ ಅಮ್ಮ, ಗಡಿಯ ಚಳಿ ಎಲ್ಲ ಒಮ್ಮೆಲೇ ನುಗ್ಗಿ ಬಂದವು. ಪದ ಆರಿಸಲು ಪುರುಸೊತ್ತೇ ಇರಲಿಲ್ಲ.

"ಎಷ್ಟು ಭಾನುವಾರ ನೆಲಮಾಳಿಗೇಲಿದ್ರಿ?" ಗ್ರಾಜಿನಾ ಮೆಲ್ಲಗೆ ಕೇಳಿದರು.

ಲಾರಿಸಾ ತಡವರಿಸಿದಳು. ವಾರ ಎನ್ನಲು ಹೋಗಿ ಮತ್ತೆ 'ನೆಜೇಲಾ' ಎಂದುಬಿಟ್ಟಿದ್ದಳು.

"ಅಮ್ಮ ಜೋಗುಳ ಹಾಡಿ ನನ್ನ ಮಲಗಿಸ್ತಿದ್ದದ್ದು ರಷ್ಯನ್ನಲ್ಲೇ ಮೇಡಂ. ಬಾಂಬ್ ಹಾಕ್ದೋರೂ ಅದನ್ನೇ ಮಾತಾಡ್ತಾರೆ. ಬಿಟ್ಟು ಬಂದೆ ಅಂದ್ಕೊಂಡಿದ್ದೆ."

ಗ್ರಾಜಿನಾ ಪ್ರಬಂಧಕ್ಕೆ ಸಹಿ ಹಾಕಿದರು. ಆ ಎರಡು ಪದಗಳಿಗೆ ಅಂಕ ಕಳೆದರೂ ಪಾಸಾಗಿತ್ತು. ಹೊರಗೆ ಯಾರಿಗೂ ಹೇಳಬೇಡಿ ಎಂದು ಲಾರಿಸಾ ಬೇಡಿಕೊಂಡಳು.

ಯಾರಿಗೂ ಹೇಳುವುದಿಲ್ಲ ಎಂದು ಗ್ರಾಜಿನಾ ಉತ್ತರಿಸಿದ್ದು, ಚಿಕ್ಕಂದಿನಲ್ಲಿ ಶಾಲೆಯಲ್ಲಿ ಬಲವಂತಕ್ಕೆ ಕಲಿತ ರಷ್ಯನ್ನಿನಲ್ಲಿ. ಪೋಲಿಷ್ ಬೆರೆತ, ತಪ್ಪುತಪ್ಪಾದ ರಷ್ಯನ್ ಅದು. ಅಷ್ಟು ದಿನ ತಡೆದಿದ್ದ ಅಳುವನ್ನು ಲಾರಿಸಾಳಿಗೆ ಆಗ ತಡೆಯಲಾಗಲಿಲ್ಲ.