ಹುಟ್ಟಿದ ಊರಿನ ಸಾಲು

ಶರಿಲ್‌ಳ ಯೂನಿಫಾರ್ಮಿನ ಒಂದು ತೋಳಿಗೆ ಇಸ್ತ್ರಿಯಾಗಿ ಇನ್ನೊಂದನ್ನು ಜೂಡಿತ್ ಮೇಜಿನ ಮೇಲೆ ಹರಡುತ್ತಿದ್ದಳು. ಅಷ್ಟರಲ್ಲಿ ಹೊರಗಿನ ಕೋಣೆಯಿಂದ ಬೆಟ್ಟಿ ಕೂಗಿದಳು.

"ಜೂಡಿತ್, ಇಸ್ತ್ರಿ ಬಿಟ್ಟು ಬಾ ಮಾರಾಯ್ತಿ! ಜೂನಿನ ಬುಲೆಟಿನ್ ಬಂತು!"

"ಬರಲಿ. ನಮ್ಮದೇನು ಓಡಿ ಹೋಗುವುದಿಲ್ಲ. ಸ್ಕೂಲ್ ಬಸ್ ಓಡಿ ಹೋಗ್ತದೆ."

"ಬಾ ಅಂತ ಹೇಳಿದೆ ನಾನು!"

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂಬದಿಯ ಆ ಫ್ಲಾಟಿನಲ್ಲಿ ಎರಡು ಸಂಸಾರಗಳಿದ್ದವು. ದೊಡ್ಡ ಕೋಣೆಯಲ್ಲಿ ಬೆಟ್ಟಿ ಮತ್ತು ಅವಳ ಗಂಡ ಲಿಯೊನೆಲ್. ಸಣ್ಣದರಲ್ಲಿ ಜೂಡಿತ್ ಮತ್ತು ಒಂಬತ್ತು ವರ್ಷದ ಮಗಳು ಶರಿಲ್; ಗಂಡ ರೇಮಂಡ್ ಕೆಲಸದ ಮೇಲೆ ದುಬೈಯಲ್ಲಿ. ಅಡುಗೆಮನೆ ಇಬ್ಬರಿಗೂ ಸೇರಿದ್ದು. ಇಬ್ಬರೂ ಒಂದೇ ಕ್ಲಿನಿಕ್ಕಿನ ನರ್ಸುಗಳು. ಅಮೆರಿಕದ ಒಂದೇ ಆಸ್ಪತ್ರೆ ಇಬ್ಬರ ಗ್ರೀನ್ ಕಾರ್ಡಿಗೂ ಅರ್ಜಿ ಹಾಕಿತ್ತು, ಅದೂ 2006ರ ಫೆಬ್ರವರಿಯ ಒಂದೇ ವಾರದಲ್ಲಿ. ಅರ್ಜಿ ತಲುಪಿದ ಆ ದಿನವೇ ಅವರ 'ಪ್ರಯಾರಿಟಿ ಡೇಟ್', ಅಂದರೆ ಸಾಲಿನಲ್ಲಿ ಅವರ ಜಾಗ. ಪ್ರತಿ ತಿಂಗಳ ನಡುವೆ ಅಮೆರಿಕ ಒಂದು ಬುಲೆಟಿನ್ ಹೊರಡಿಸುತ್ತದೆ: ಮುಂದಿನ ತಿಂಗಳು ಯಾವ ದೇಶದವರಿಗೆ ಯಾವ ತಾರೀಕಿನವರೆಗೆ ಬಾಗಿಲು ತೆರೆದಿದೆ ಎಂದು. ನಿಮ್ಮ ತಾರೀಕು ಅದಕ್ಕಿಂತ ಹಿಂದಿನದಾದರೆ ಒಳಗೆ. ಇಲ್ಲವಾದರೆ ಇನ್ನೊಂದು ತಿಂಗಳು ಕಾಯಿರಿ.

ಅರ್ಜಿ ಹಾಕಿದ ಹೊಸದರಲ್ಲಿ ನರ್ಸುಗಳಿಗೆಂದೇ ಬೇರೆ ಕೋಟಾ ಇತ್ತು; ಸಾಲೇ ಇರಲಿಲ್ಲ. ಆದರೆ ಇಂಗ್ಲಿಷ್ ಪರೀಕ್ಷೆಯ ಮಾತಿನ ವಿಭಾಗದಲ್ಲಿ ಇಬ್ಬರಿಗೂ ಅರ್ಧ ಅಂಕ ಕಡಿಮೆ ಬಿತ್ತು. ಮತ್ತೆ ಬರೆದು ಪಾಸಾಗುವಷ್ಟರಲ್ಲಿ ಆ ವರ್ಷದ ಕೊನೆ, ಆ ಕೋಟಾ ಖಾಲಿ. ಅಂದಿನಿಂದ ಅವರು ಉಳಿದೆಲ್ಲ ನೌಕರರ ಜೊತೆ ಭಾರತದ ಸಾಲಿನಲ್ಲಿ ನಿಂತಿದ್ದರು. ಕಳೆದ ಬೇಸಗೆಯಲ್ಲಿ ಎಲ್ಲರಿಗೂ ಬಾಗಿಲು ತೆರೆದಿದೆಯೆಂದು ಸಾರಿ, ಜುಲೈ ಬರುತ್ತಿದ್ದಂತೆ ಅದೇ ಬಾಗಿಲನ್ನು ಮುಖದ ಮೇಲೆ ಹಾಕಿದ್ದರು. ಆಮೇಲೆ ಜೂಡಿತ್ ಬುಲೆಟಿನ್ ನೋಡುವುದನ್ನೇ ಬಿಟ್ಟಿದ್ದಳು.

ಈಗ ಅವಳು ಯೂನಿಫಾರ್ಮನ್ನು ಕೈಯಲ್ಲೇ ಹಿಡಿದುಕೊಂಡು ಕಂಪ್ಯೂಟರಿನ ಮುಂದೆ ನಿಂತಳು.

"ಇಂಡಿಯಾ 2001 ನವೆಂಬರ್," ಎಂದಳು ಬೆಟ್ಟಿ. "ನಮ್ಮ ಸರದಿ ಬರುವಾಗ ನಾವೇ ಯಾವುದಾದರೂ ಆಸ್ಪತ್ರೆಯ ಬೆಡ್ಡಿನಲ್ಲಿರ್ತೇವೆ. ಅದು ಬಿಡು. ಇಲ್ಲಿ ನೋಡು, ಬಾಕಿ ದೇಶಗಳು. 2006 ಮಾರ್ಚ್ ಒಂದು!"

"ಬಾಕಿ ದೇಶದವರಿಗಲ್ವಾ?"

"ರೇಮಂಡ್ ಹುಟ್ಟಿದ್ದೆಲ್ಲಿ?"

ಜೂಡಿತ್, ಇಸ್ತ್ರಿ ಬಿಸಿಯಾಗಿಯೇ ಇದೆ ಎಂಬುದು ನೆನಪಾಗಿ ಒಳಗೆ ಓಡಿ, ಆರಿಸಿ, ಮತ್ತೆ ಬಂದಳು.

"ಬಹ್ರೇನಿನಲ್ಲಿ," ಎಂದಳು.

ರೇಮಂಡನ ಅಪ್ಪ ಅಲ್ಲಿ ಎಣ್ಣೆ ಕಂಪನಿಯಲ್ಲಿದ್ದರು. ಅವನಿಗೆ ಮೂರು ವರ್ಷವಾದಾಗ ತಾಯಿ ಊರಿಗೆ ಕರೆತಂದಿದ್ದರು. ಅವನಿಗೇ ಆ ಊರಿನ ನೆನಪಿಲ್ಲ.

"ನಿನ್ನೆ ನಮ್ಮ ವಕೀಲರಿಗೆ ಬರೆದಿದ್ದೆ," ಎಂದಳು ಬೆಟ್ಟಿ. "ಗಂಡ ಹೆಂಡತಿ ಬೇರೆ ಬೇರೆ ದೇಶದಲ್ಲಿ ಹುಟ್ಟಿದ್ದರೆ, ಯಾವ ಸಾಲು ಬೇಗ ಹೋಗ್ತದೋ ಅದರಲ್ಲಿ ಇಬ್ಬರೂ ನಿಲ್ಲಬಹುದಂತೆ. ಪಾಸ್‌ಪೋರ್ಟ್ ಯಾವುದು ಅಂತ ಕೇಳುವುದಿಲ್ಲ. ಹುಟ್ಟಿದ್ದೆಲ್ಲಿ, ಅಷ್ಟೇ."

"ಶರಿಲ್‌ಳದ್ದು ಆಗುವುದಿಲ್ಲ ಅಂದರಲ್ಲ ಅವರು?"

"ಅದು ಮಗು. ಮಗುವಿಗೆ ಅಪ್ಪ ಅಮ್ಮನ ಸಾಲು ಆಗ್ತದೆ, ಮಗುವಿನ ಸಾಲು ಅಪ್ಪ ಅಮ್ಮನಿಗೆ ಆಗುವುದಿಲ್ಲ."

ಎರಡು ವರ್ಷ ಅವರು ಮಾಡಿದ ತಪ್ಪೇ ಇದು. ಶರಿಲ್ ಅಬುಧಾಬಿಯಲ್ಲಿ ಹುಟ್ಟಿದವಳು. ಹಾಗಾಗಿ ತಾವು ಎಮಿರೇಟ್ಸಿನ ಸಾಲಿಗೆ ಬರುತ್ತೇವೆಂದು ಜೂಡಿತ್ ನಂಬಿದ್ದಳು. ಇಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದಾದರೂ ಲೆಕ್ಕಕ್ಕೆ ಬರುತ್ತದೆಂದು ಇಗರ್ಜಿಯಲ್ಲಿ ಸಿಕ್ಕವರೂ ಹೇಳಿದ್ದರು. ಎಲ್ಲರೂ ಮಗುವಿನ ತೊಟ್ಟಿಲನ್ನೇ ನೋಡಿದರು. ಗಂಡನ ತೊಟ್ಟಿಲನ್ನು ಯಾರೂ ನೋಡಲಿಲ್ಲ.

"ಒಂದೇ ವಾರದಲ್ಲಿ ಹಾಕಿದ ಅರ್ಜಿಗೆ ಇದೆಂತ ನ್ಯಾಯ?" ಎಂದಳು ಜೂಡಿತ್.

"ನಮ್ಮ ಕ್ಲಿನಿಕ್ಕಿನ ಟೋಕನ್ ಹಾಗೆ ಅಂತ ತಿಳ್ಕೋ. ದಿನಕ್ಕೆ ನೂರು ಟೋಕನ್. ಒಂದು ಕಂಪನಿಯಿಂದ ಏಳೇ ಜನ. ಸಾವಿರ ಜನರ ಲೇಬರ್ ಕ್ಯಾಂಪಿಗೂ ಏಳು, ಹತ್ತು ಜನರ ಆಫೀಸಿಗೂ ಏಳು. ಕಂಪನಿ ಅಂದ್ರೆ ದೇಶ; ನಾವು ಇಂಡಿಯಾದವರು ಕ್ಯಾಂಪು. ಮತ್ತೆ ಸೆಪ್ಟೆಂಬರಿಗೆ ಅಮೆರಿಕದವರ ಲೆಕ್ಕದ ವರ್ಷ ಮುಗೀತದೆ. ಟೋಕನ್ ಉಳಿಯುವ ಹಾಗೆ ಕಂಡರೆ ಬಾಗಿಲು ಅಗಲ ಮಾಡ್ತಾರೆ, ಜನ ನುಗ್ಗಿದರೆ ಮುಚ್ಚುತ್ತಾರೆ. ಕೆಲವು ಸಲ ತಾರೀಕು ಹಿಂದಕ್ಕೂ ಹೋಗ್ತದೆ. ಜುಲೈಗೆ ಈ ಬಾಗಿಲು ಇರಲಿಕ್ಕಿಲ್ಲ ಅಂತಾರೆ ವಕೀಲರು. ನಿನ್ನ ಕಾಗದವೆಲ್ಲ ರೆಡಿ ಉಂಟು. ರೇಮಂಡನ ಬರ್ತ್ ಸರ್ಟಿಫಿಕೇಟ್ ಕೊಟ್ಟರೆ ಜೂನಿನಲ್ಲಿ ಇಲ್ಲಿಯ ಎಂಬೆಸಿಯಲ್ಲೇ ಇಂಟರ್ವ್ಯೂ ಸಿಗಬಹುದು."

"ನಿಂದು?"

ಬೆಟ್ಟಿ ಕಂಪ್ಯೂಟರ್ ಆರಿಸಿದಳು. "ನನ್ನ ಅತ್ತೆಗೆ ಹೆರಿಗೆಗೆ ಶಿರ್ವದಿಂದ ಆಚೆ ಹೋಗ್ಲಿಕ್ಕೆ ಆಗಲಿಲ್ಲ, ಎಂತ ಮಾಡುವುದು? ಲಿಯೊನೆಲ್ ಏಳಲಿ, ಊರಲ್ಲೇ ಯಾಕೆ ಹುಟ್ಟಿದ್ದು ಅಂತ ಕೇಳ್ತೇನೆ." ಅವಳು ನಕ್ಕಳು. ನಗು ಮುಗಿದ ಮೇಲೂ ಕಣ್ಣನ್ನು ಆ ಕಪ್ಪು ಪರದೆಯಿಂದ ತೆಗೆಯಲಿಲ್ಲ. "ಒಂದೇ ಒಂದು ಶರತ್ತು ಉಂಟು, ಜೂಡಿತ್. ಅವನು ನಿನ್ನ ಜೊತೆ ಬರಬೇಕು. ನೀನು ಮೊದಲು ಹೋಗಿ ಅವನು ಆಮೇಲೆ ಬರುವುದಲ್ಲ. ಗಂಡ ಹೆಂಡತಿಯನ್ನು ಅಗಲಿಸಬಾರದು ಅಂತಲೇ ಈ ಕಾನೂನು ಮಾಡಿದ್ದಂತೆ."

ಅಗಲಿಸಬಾರದು. ಅದನ್ನು ಕೇಳಿ ಜೂಡಿತ್‌ಳಿಗೆ ನಗು ಬಂತು. ಬಾಗಿಲ ಬಳಿ ಪೆಟಿಕೋಟಿನಲ್ಲಿ ನಿಂತಿದ್ದ ಶರಿಲ್ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ರೇಮಂಡ್ ದುಬೈಗೆ ಹೋಗಿ ಎರಡು ವರ್ಷ ತುಂಬುತ್ತಿತ್ತು. ಜಗಳವೇನೂ ಆಗಿರಲಿಲ್ಲ. ಇಲ್ಲಿಯ ಕೆಲಸ ಹೋಯಿತು, ಅಲ್ಲಿಯ ರಾಸ್ ಅಲ್ ಖೋರಿನ ಗ್ಯಾರೇಜಿನಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಮೊದಮೊದಲು ಪ್ರತಿ ಗುರುವಾರ ಸಂಜೆ ಬರುತ್ತಿದ್ದ, ಶುಕ್ರವಾರದ ಪೂಜೆಗೆ ಮೂವರೂ ಒಟ್ಟಿಗೆ ಹೋಗುತ್ತಿದ್ದರು. ಮತ್ತೆ ತಿಂಗಳಿಗೊಮ್ಮೆ. ಈಗ ಕ್ರಿಸ್‌ಮಸ್ಸಿಗೆ, ಈಸ್ಟರಿಗೆ. ಈ ಈಸ್ಟರಿಗೆ ಅದೂ ಇಲ್ಲ. ಫೋನಿನಲ್ಲಿ "ಗಾಡಿಗಳು ತುಂಬ ಬಂದಿವೆ" ಎಂದಿದ್ದ. ಜೂಡಿತ್ ಏನೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಸಿಗುತ್ತದಲ್ಲ ಎಂಬ ಭಯ. ರಾತ್ರಿ ಪಾಳಿಯಿಂದ ಬಂದ ದಿನ ಮಂಚದಲ್ಲಿ ಅವನ ಬದಿಯನ್ನು ಖಾಲಿ ಬಿಟ್ಟೇ ಮಲಗುವ ಅಭ್ಯಾಸ ಮಾತ್ರ ಹೋಗಿರಲಿಲ್ಲ.

ಶುಕ್ರವಾರ ಅವಳು ಮಗಳನ್ನು ಕರೆದುಕೊಂಡು ದುಬೈ ಬಸ್ಸು ಹತ್ತಿದಳು. ಫೋನಿನಲ್ಲಿ ಹೇಳುವ ಮಾತಲ್ಲ ಇದು.

"ವಾಟ್ ವಿಲ್ ಯು ಆಸ್ಕ್ ಡ್ಯಾಡಾ?" ಎಂದು ಶರಿಲ್ ಕೇಳಿದಳು. ಕಿಟಕಿಯಾಚೆ ಮರಳೂ ದಾರಿಬದಿಯ ಖರ್ಜೂರದ ಗಿಡಗಳೂ ಹಿಂದೆ ಸರಿಯುತ್ತಿದ್ದವು.

"ಇಂಟರ್ವ್ಯೂಗೆ ಬರ್ತಾರಾ ಅಂತ."

"ದಟ್ಸ್ ಆಲ್?"

"ಅಷ್ಟೇ ಮಗಾ. ಬಿಸ್ಕಿಟ್ ತಿನ್ನು."

ಗ್ಯಾರೇಜಿಗೆ ರಜೆಯಾದರೂ ರೇಮಂಡ್ ಅಲ್ಲೇ ಇದ್ದ. ಅವನ ಕೋಣೆ ಅದರ ಮೇಲೆಯೇ. ತೆಳ್ಳಗಾಗಿದ್ದ. ಮಗಳನ್ನು ಎತ್ತಲು ಬಗ್ಗಿ, ಅವಳು ಅಷ್ಟು ಎತ್ತರವಾದದ್ದನ್ನು ಕಂಡು ತಲೆ ಸವರಿದ. ಕೋಣೆಗೆ ಕರೆಯಲಿಲ್ಲ. ಬೀದಿಯ ಕೊನೆಯಲ್ಲಿ ಹಂಝನ ಕೆಫೆಟೇರಿಯಾ ಇತ್ತು, ಅಲ್ಲಿ ಕೂರಿಸಿದ.

"ನಿಮ್ಮ ಮನೆಯವರಾ, ರೇಮಂಡಣ್ಣ?" ಮಂಜೇಶ್ವರದ ಹಂಝ ಚಹಾ ಇಡುತ್ತಾ ಕೇಳಿದ. "ಇಷ್ಟು ದಿನ ಹೇಳಲೇ ಇಲ್ಲ ನೀವು!"

ರೇಮಂಡ್ ಸಕ್ಕರೆ ಕದಡಿದ. ಜೂಡಿತ್ ಬಾಯಿಪಾಠ ಮಾಡಿದಂತೆ ಎಲ್ಲವನ್ನೂ ಹೇಳಿದಳು: ಭಾರತದ ಸಾಲು, ಬಾಕಿ ದೇಶಗಳ ಸಾಲು, ಮಾರ್ಚ್ ಒಂದು, ಜುಲೈಯೊಳಗೆ ಆಗಬೇಕಾದದ್ದು.

ಅವನು ಕೊನೆಯವರೆಗೆ ಕೇಳಿ ನಕ್ಕ. "ಮೂವತ್ತೊಂಬತ್ತು ವರ್ಷ ಆಯ್ತು. ನಾನು ಹುಟ್ಟಿದ್ದರಿಂದ ಒಬ್ಬರಿಗೆ ಪ್ರಯೋಜನ ಆಗುವುದು ಇದೇ ಮೊದಲು. ಅಪ್ಪ ಇದ್ದಿದ್ದರೆ ಸಂತೋಷ ಪಡ್ತಿದ್ದರು."

"ತಮಾಷೆ ಮಾಡಬೇಡಿ."

"ಇಲ್ಲ. ಸರ್ಟಿಫಿಕೇಟ್ ತಮ್ಮನ ಹತ್ತಿರ ಉಂಟು, ತರಿಸ್ತೇನೆ. ಇಂಟರ್ವ್ಯೂಗೂ ಬರ್ತೇನೆ. ವಿಮಾನ ಹತ್ತಿ ಅಲ್ಲಿವರೆಗೆ ಬಿಡ್ತೇನೆ. ಒಂದು ತಿಂಗಳಾದ ಮೇಲೆ ನಾನು ವಾಪಸ್ ಬಂದರೆ ಯಾರು ಕೇಳ್ತಾರೆ? ನಿಮ್ಮ ಕಾರ್ಡ್ ನಿಮಗೆ. ಖಲಾಸ್."

ಅವನು ಕೆಟ್ಟದ್ದನ್ನು ಹೇಳುತ್ತಿರಲಿಲ್ಲ. ತನ್ನಿಂದ ಕೊಡಲು ಆಗುವುದನ್ನು ಕೊಡುತ್ತಿದ್ದ. ಮದುವೆಯ ಹೊಸದರಲ್ಲಿ ಒದ್ದೆ ಕೊಡೆಯನ್ನು ಪೂರ್ತಿ ಅವಳ ಕಡೆಗೆ ವಾಲಿಸಿ ತಾನು ನೆನೆಯುತ್ತಿದ್ದವನೂ ಇವನೇ. ಜೂಡಿತ್ ಪರೋಟದ ತಟ್ಟೆಯನ್ನು ಮಗಳ ಕಡೆಗೆ ಸರಿಸಿದಳು.

"ಆಫೀಸರ್ ಕೇಳ್ತಾರೆ, ಒಟ್ಟಿಗೆ ಇದ್ದೀರಾ, ಅಲ್ಲಿ ಹೋಗಿ ಒಟ್ಟಿಗೆ ಇರ್ತೀರಾ ಅಂತ. ಕೈ ಎತ್ತಿ ಪ್ರಮಾಣ ಮಾಡಿ ಉತ್ತರ ಕೊಡಬೇಕು. ನಾನು ಸುಳ್ಳು ಹೇಳುವುದಿಲ್ಲ."

"ಮತ್ತೆ ಎಂತ ಮಾಡುವುದು? ಭಾರತದ ಸಾಲಿನಲ್ಲೇ ನಿಲ್ತೀಯಾ? ಇವಳ ಮದುವೆ ಆಗ್ತದೆ ಅಷ್ಟರಲ್ಲಿ."

"ನಿಲ್ತೇನೆ."

"ಹಠ ಯಾಕೆ ಜೂಡಿತ್? ನಿಂಗೆ ಬೇಕಾದದ್ದು ವೀಸಾ ತಾನೆ?"

ಜೂಡಿತ್ ಬಾಯಿ ತೆರೆದಳು. ಬಸ್ಸಿನಲ್ಲಿ, ಅದಕ್ಕೂ ಮೊದಲು ಎಷ್ಟೋ ಬೆಳಗಿನಲ್ಲಿ ಜೋಡಿಸಿಟ್ಟುಕೊಂಡ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು. ತಾನು ಬೇಡಿದಂತೆ ಆಗಬಾರದು. ಅವನು ವೀಸಾಕ್ಕಾಗಿ ಹೂಂ ಎಂದದ್ದನ್ನು ತನಗಾಗಿ ಎಂದುಕೊಂಡು ದೂರದೇಶಕ್ಕೆ ಹೊತ್ತುಕೊಂಡು ಹೋಗಲೂಬಾರದು. ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು.

"ಹೇಳು," ಎಂದ ರೇಮಂಡ್. ಅವನ ದನಿಯೂ ತಗ್ಗಿತ್ತು. "ನೀನು ಏನೂ ಹೇಳುವುದಿಲ್ಲ. ಹೋಗು ಅಂತ ಹೇಳಲಿಲ್ಲ, ಬಾ ಅಂತಲೂ ಹೇಳಲಿಲ್ಲ. ನಾನು ಕೆಲಸ ಇಲ್ಲದೆ ಮನೆಯಲ್ಲಿ ಕೂತಿದ್ದಾಗ ನೀನು ರಾತ್ರಿ ಪಾಳಿಗೆ ಹೋಗ್ತಿದ್ದೆ. ಅಮೆರಿಕದಲ್ಲೂ ಹಾಗೆಯೇ. ನರ್ಸಿನ ಗಂಡ. ಅವಳ ಬ್ಯಾಗ್ ಹಿಡಿಯುವವ."

"ನಾನು ಯಾವತ್ತಾದ್ರೂ ಹಾಗೆ ಹೇಳಿದ್ದುಂಟಾ?"

"ಇಲ್ಲ. ಅಲ್ಲ ಅಂತಲೂ ಹೇಳಲಿಲ್ಲ."

ಹಂಝ ಪರೋಟದ ಕಲ್ಲು ಉಜ್ಜುವುದನ್ನು ನಿಲ್ಲಿಸಿ, ಏನೋ ಅರ್ಥವಾದವನಂತೆ ಹಿಂದಿನ ಬಾಗಿಲಿನಿಂದ ಹೊರಗೆ ಹೋದ. ಹೊರಗಡೆ ಬಿಸಿಲಿನಲ್ಲಿ ಮುಂಭಾಗವಿಲ್ಲದ ಕಾರುಗಳು ಸಾಲಾಗಿ ನಿಂತಿದ್ದವು.

ಶರಿಲ್ ಇಬ್ಬರ ನಡುವೆ ಕುಳಿತಿದ್ದಳು. ತಟ್ಟೆಯ ಪರೋಟವನ್ನು ಅವಳು ಮುಟ್ಟಿರಲಿಲ್ಲ. ಮನೆಯಲ್ಲಿ ಇಷ್ಟು ದಿನ ತಾಯಿ ಕೇಳದ್ದನ್ನು ತಾನೂ ಕೇಳಬಾರದೆಂದು ಅವಳು ತಾನಾಗಿಯೇ ಕಲಿತಿದ್ದಳು. ಈಸ್ಟರಿನ ಊಟಕ್ಕೆ ಮೂರು ತಟ್ಟೆ ಇಟ್ಟು, ಆಮೇಲೆ ಮಾತಿಲ್ಲದೆ ಒಂದನ್ನು ಕಪಾಟಿಗೆ ಸೇರಿಸಿದವಳೂ ಅವಳೇ. ಈಗ ಅವಳು ತಾಯಿಯನ್ನೊಮ್ಮೆ ನೋಡಿದಳು. ಜೂಡಿತ್ ತಲೆಯಾಡಿಸಿ ತಡೆಯಬಹುದಿತ್ತು. ತಡೆಯಲಿಲ್ಲ.

ಅಪ್ಪನ ತೋಳನ್ನು ಎರಡು ಬೆರಳಿನಿಂದ ಮುಟ್ಟಿ, ಇಂಗ್ಲಿಷ್ ಬಿಟ್ಟು, ಮನೆಯ ಮಾತಿನಲ್ಲಿ ಅವಳು ಕೇಳಿದಳು:

"ಡ್ಯಾಡಾ, ನಿಮಗೆ ನಮ್ಮ ಒಟ್ಟಿಗೆ ಇರ್ಲಿಕ್ಕೆ ಮನಸ್ಸುಂಟಾ?"